ಶನಿವಾರದ ಒಂದೂವರೆ ತಾಸು



ನಮ್ಮೂರ ಮಠದ ಪ್ರಸಾದ ನಿಲಯದಲ್ಲಿ ಒಂದು ಟಿ.ವಿ. ಇದೆ. ಭಕ್ತರೊಬ್ಬರು ಕೊಟ್ಟದ್ದು. ಆರೇಳು ವರ್ಷಗಳಿಂದ ಊಟದ ಪಡಸಾಲೆಯ ಮೂಲೆಯಲ್ಲಿ ಕೂತಿದೆ. ಕಳೆದ ವರ್ಷ ಅದರಿಂದ ಒಂದು ಸಣ್ಣ ತಂಟೆ ಎದ್ದಿತು. ಶನಿವಾರ ಸಂಜೆ ಏಳೂವರೆಗೆ ಹುಡುಗರೆಲ್ಲ ಹಾಡಿನ ಸ್ಪರ್ಧೆ ನೋಡಲು ಕೂಡುತ್ತಾರೆ, ಅದೇ ಹೊತ್ತಿಗೆ ಸಾಮೂಹಿಕ ಪ್ರಾರ್ಥನೆ. ವಾರ್ಡನ್ನರು ಟಿ.ವಿ.ಯನ್ನೇ ತೆಗೆದುಬಿಡೋಣ ಎಂದರು. ಹುಡುಗರು, ಅದರಲ್ಲಿ ಹಾಡು ಬರುತ್ತದೆ, ಕನ್ನಡದ ಹಾಡು, ಕೆಲವೊಮ್ಮೆ ವಚನವನ್ನೂ ಹಾಡುತ್ತಾರೆ, ಅದರಲ್ಲಿ ಕೆಟ್ಟದ್ದೇನಿದೆ ಎಂದರು. ಪೂಜ್ಯರು ನನ್ನ ಕಡೆ ನೋಡಿ, "ಮಾಸ್ತರ, ನೀವs ನೋಡಿ ಒಂದು ತೀರ್ಮಾನಕ್ಕ ಬರ್ರಿ" ಅಂದರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಕಲಿಸಿದವನಿಗೆ ಇಂಥ ಕೆಲಸ ತಪ್ಪುವುದಿಲ್ಲ.

ನೋಡದೆ ಬೈಯುವುದು ಸುಲಭ. ನಮ್ಮ ವಯಸ್ಸಿನವರು ಬಹಳ ಮಂದಿ ಅದನ್ನೇ ಮಾಡುತ್ತೇವೆ. ಆದ್ದರಿಂದ ಎರಡು ತಿಂಗಳು ಹುಡುಗರ ಜೊತೆಗೇ ಕೂತು ನೋಡಿದೆ. ಒಂದು ಶನಿವಾರ ಹತ್ತನೆಯ ತರಗತಿಯ ಇಬ್ಬರಿಗೆ ಮೊಬೈಲಿನ ಗಡಿಯಾರ ಕೊಟ್ಟು, ಯಾವುದಕ್ಕೆ ಎಷ್ಟು ಹೊತ್ತು ಹೋಗುತ್ತದೆಂದು ಬರೆದುಕೊಳ್ಳಲು ಹೇಳಿದೆ. ತೊಂಬತ್ತು ನಿಮಿಷದ ಕಾರ್ಯಕ್ರಮ. ಹಾಡು ಇಪ್ಪತ್ತೊಂದು ನಿಮಿಷ. ಜಾಹೀರಾತು ಹದಿನೆಂಟು ನಿಮಿಷ. ಗಂಟೆಗೆ 12 ನಿಮಿಷ ಎಂಬ ಸರ್ಕಾರಿ ಮಿತಿಗೆ ಅದು ಸರಿಯಾಗಿ ಹೊಂದಿತು. "ಮುಂದೆ ಏನಾಗಲಿದೆ", "ಇದುವರೆಗೆ ಏನಾಯಿತು" ಎಂದು ಅದನ್ನೇ ಮತ್ತೆ ಮತ್ತೆ ತೋರಿಸಿದ್ದು ಒಂಬತ್ತು ನಿಮಿಷ. ಮಕ್ಕಳ ಮನೆಯ ಬಡತನ, ಕಷ್ಟದ ಚಿತ್ರಗಳು ಹದಿನಾಲ್ಕು ನಿಮಿಷ. ಉಳಿದ ಇಪ್ಪತ್ತೆಂಟು ನಿಮಿಷ ತೀರ್ಪುಗಾರರ ಮಾತು, ನಿರೂಪಕಿಯ ಹಾಸ್ಯ, ಯಾರೋ ಎದ್ದು ಕುಣಿದದ್ದು. ಹಾಡಿನ ಸ್ಪರ್ಧೆಯಲ್ಲಿ ಹಾಡು ಕಾಲು ಪಾಲೂ ಇರಲಿಲ್ಲ. ಲೆಕ್ಕ ಬರೆದ ಹುಡುಗನೇ ಅದನ್ನು ನೋಡಿ ನಕ್ಕ. ಒಂದು ಸಂಜೆಯ ಲೆಕ್ಕ ಇದು, ಎಲ್ಲ ಕಾರ್ಯಕ್ರಮಕ್ಕೂ ಇದೇ ಎಂದು ನಾನು ಹೇಳುವುದಿಲ್ಲ. ನಿಮ್ಮ ಮನೆಯಲ್ಲೂ ಒಂದು ದಿನ ಅಳೆದು ನೋಡಿ.

ಇದು ಹೊತ್ತಿನ ಮಾತಾಯಿತು. ನಿಜ ಎಷ್ಟು, ನಾಟಕ ಎಷ್ಟು ಎಂಬುದು ಬೇರೆ ಮಾತು. ಅದನ್ನು ನಾನು ಟಿ.ವಿ. ನೋಡಿ ಕಲಿತದ್ದಲ್ಲ. ನನ್ನ ತಂಗಿಯ ಮೊಮ್ಮಗಳು ಹನ್ನೊಂದು ವರ್ಷದವಳಿದ್ದಾಗ ಅಂಥದೊಂದು ಕಾರ್ಯಕ್ರಮಕ್ಕೆ ಆಯ್ಕೆಯಾಗಿದ್ದಳು. ವಾಹಿನಿಯ ಹೆಸರು ಬೇಡ. ದೂರು ಹೇಳಲು ನಾನು ಬರೆಯುತ್ತಿಲ್ಲ, ಅವರು ನಮ್ಮ ಕೂಸಿಗೆ ಹೊಡೆದಿಲ್ಲ, ಬೈದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನಾವು ಟಿ.ವಿ.ಯಲ್ಲಿ ಕಾಣುವ ಆಡಿಷನ್ನಿನಲ್ಲಿ ಮಗು ಬಂದು ನೇರವಾಗಿ ದೊಡ್ಡ ತೀರ್ಪುಗಾರರ ಮುಂದೆ ನಿಲ್ಲುತ್ತದೆ. ಕೂಸು ಅಲ್ಲಿಗೆ ಹೋಗುವ ಮೊದಲು ಮೂರು ಸುತ್ತು ದಾಟಿತ್ತು. ಮೊದಲ ಸುತ್ತು ಒಂದು ಶಾಲೆಯ ಕೋಣೆಯಲ್ಲಿ, ಹೆಸರು ಗೊತ್ತಿಲ್ಲದ ಇಬ್ಬರು ತರುಣರ ಮುಂದೆ. ಅಂದರೆ ಕ್ಯಾಮೆರಾದ ಮುಂದೆ ಬರುವವರೆಲ್ಲ ಆಗಲೇ ಜರಡಿ ಹಿಡಿದು ಬಂದವರು. ತೀರಾ ಕೆಟ್ಟದಾಗಿ ಹಾಡುವವನೊಬ್ಬ ತೀರ್ಪುಗಾರರ ಮುಂದೆ ಬಂದು ನಗೆಪಾಟಲಾದರೆ, ಅವನು ತಪ್ಪಿ ಬಂದವನಲ್ಲ. ಮೂರು ಬಾಗಿಲು ದಾಟಿಸಿ ಕರೆತಂದವರು ಇದ್ದಾರೆ.

ಎರಡನೆಯ ಸುತ್ತಿನಲ್ಲಿ ಒಂದು ಅರ್ಜಿ ಕೊಟ್ಟರು. ನಾಲ್ಕು ಪುಟ. ಸಂಗೀತದ ಬಗ್ಗೆ ಕೇಳಿದ್ದು ಅರ್ಧ ಪುಟ. ಉಳಿದದ್ದು: ಮನೆಯಲ್ಲಿ ಯಾರಾದರೂ ಈಚೆಗೆ ತೀರಿಕೊಂಡಿದ್ದಾರೆಯೇ, ಸಾಲ ಇದೆಯೇ, ತಂದೆಗೆ ಕುಡಿತ ಇದೆಯೇ, ಮಗುವಿಗೆ ಹಾಡಬೇಡ ಎಂದು ಯಾರಾದರೂ ತಡೆದಿದ್ದಾರೆಯೇ. ನಮ್ಮ ಅಳಿಯ ಕಿರಾಣಿ ಅಂಗಡಿಯವನು, ತಕ್ಕಮಟ್ಟಿಗೆ ಉಂಡು ಉಟ್ಟು ಇರುವವನು. ಆತ ಎಲ್ಲಕ್ಕೂ "ಇಲ್ಲ" ಎಂದು ಬರೆದ. ಎರಡು ದಿನದ ಮೇಲೆ ಫೋನ್ ಬಂತು. "ಸರ್, ಏನಾದರೂ ಇದ್ದೇ ಇರುತ್ತದಲ್ಲ, ನೆನಪು ಮಾಡಿಕೊಳ್ಳಿ." ಕೊನೆಗೆ, ಬರಗಾಲದ ವರ್ಷ ಅಂಗಡಿಯಲ್ಲಿ ಉದ್ರಿ ಹೆಚ್ಚಾಗಿ ಕಷ್ಟವಾಗಿತ್ತು ಎಂದು ಹೇಳಿದ. ಮುಂದಿನ ವಾರ ಐದು ಜನರ ತಂಡ ಊರಿಗೆ ಬಂತು. ಅಂಗಡಿಯ ಚಿತ್ರ ತೆಗೆದರು, ಆದರೆ ಒಂದೇ ಕದ ತೆರೆಸಿ, ದೀಪ ಆರಿಸಿ. ಅಳಿಯನಿಗೆ ಹಳೆಯ ಅಂಗಿ ಹಾಕಿಕೊಳ್ಳಲು ಹೇಳಿದರು. ನೆರೆಯವರ ಒಣ ಹೊಲದಲ್ಲಿ ಅಪ್ಪ ಮಗಳು ನಡೆದುಹೋಗುವುದನ್ನು ನಾಲ್ಕು ಸಲ ತೆಗೆದರು. ನಮ್ಮವರಿಗೆ ಹೊಲವೇ ಇಲ್ಲ. ಅದನ್ನು ತಮ್ಮ ಹೊಲ ಎಂದು ಚಿತ್ರದಲ್ಲಿ ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ. ನೋಡಿದವರು ಮಾತ್ರ ಹಾಗೆಂದೇ ತಿಳಿದರು. ಸುಳ್ಳನ್ನು ಯಾರೂ ನುಡಿಯದೆ ಸುಳ್ಳು ಆಗಿಬಿಡುವ ಈ ಕಲೆಯನ್ನು ನಾನು ಅಲ್ಲಿ ಮೊದಲು ಕಂಡೆ.

ಇನ್ನು ವೇದಿಕೆಯ ಮಾತು. ಒಂದು ಸಂಚಿಕೆಯಲ್ಲಿ ಕೂಸು ಹಾಡಿ ಮುಗಿಸಿದ ಮೇಲೆ ಆಕೆಯ ಅಜ್ಜಿ, ಅಂದರೆ ನನ್ನ ತಂಗಿ, ಪರದೆಯ ಹಿಂದಿನಿಂದ ಬಂದಳು. ಮಗು ಓಡಿಹೋಗಿ ತಬ್ಬಿಕೊಂಡು ಅತ್ತಿತು. ತೀರ್ಪುಗಾರರೂ ಕಣ್ಣೊರೆಸಿಕೊಂಡರು. ಊರಲ್ಲಿ ಎಲ್ಲರೂ ಅತ್ತರು, ನಾನೂ ಅತ್ತೆ. ಮಗುವಿಗೆ ಅಜ್ಜಿ ಬರುವುದು ನಿಜವಾಗಿಯೂ ಗೊತ್ತಿರಲಿಲ್ಲ. ತಂಗಿಯನ್ನು ಹಿಂದಿನ ರಾತ್ರಿಯೇ ಕರೆಸಿ ಬೇರೆ ಹೋಟೆಲಿನಲ್ಲಿ ಇಟ್ಟಿದ್ದರು, ಎರಡು ದಿನ ಮಗುವಿನ ಜೊತೆ ಫೋನಿನಲ್ಲಿ ಮಾತಾಡಬೇಡಿ ಎಂದಿದ್ದರು. ಕೂಸು ಅಲ್ಲಿ ಒಂದು ವಾರದಿಂದ ಮನೆ ಬಿಟ್ಟಿತ್ತು. ಅಳು ಬಾರದೆ ಇದ್ದೀತೆ?

ಆದರೆ ಆ ಹೊತ್ತಿನಲ್ಲಿ ತಂಗಿಯ ಸೀರೆಗೆ ಸಿಕ್ಕಿಸಿದ ಮೈಕು ಕೆಲಸ ಮಾಡಲಿಲ್ಲವಂತೆ. "ಇನ್ನೊಮ್ಮೆ ಬನ್ನಿ ಅಜ್ಜಿ" ಎಂದರು. ಮತ್ತೆ ಬಂದಳು. "ಅಜ್ಜಾ, ಎರಡನೇ ಸಲ ನನಗ ಅಳುನs ಬರ್ಲಿಲ್ಲ, ನಗು ಬಂತು" ಎಂದು ಕೂಸು ಆಮೇಲೆ ನನಗೆ ಹೇಳಿತು. ಟಿ.ವಿ.ಯಲ್ಲಿ ಮೊದಲ ಸಲದ ಅಳುವಿಗೆ ಎರಡನೆಯ ಸಲದ ಮಾತು ಜೋಡಿಸಿದ್ದರು. ಇದನ್ನು ಕೇಳಿದ ಮೇಲೆ ಆ ಸಂಚಿಕೆಯನ್ನು ನಾನು ಮೊಬೈಲಿನಲ್ಲಿ ಮತ್ತೆ ನೋಡಿದೆ. ತಬ್ಬಿಕೊಳ್ಳುವಾಗ ಮಗುವಿನ ಜಡೆಯ ಮಲ್ಲಿಗೆ ದಂಡೆ ಎಡ ಹೆಗಲ ಮೇಲೆ, ಮಾತಾಡುವಾಗ ಬಲ ಹೆಗಲ ಮೇಲೆ, ಮುಂದಿನ ಕ್ಷಣ ಮತ್ತೆ ಎಡಕ್ಕೆ. ನೂರು ಸಲ ನೋಡಿದ್ದರೂ ಮೊದಲು ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಳುವವನ ಕಣ್ಣಿಗೆ ಹೂ ಕಾಣುವುದಿಲ್ಲ ನೋಡಿ.

ಅಂದಿನಿಂದ ಹುಡುಗರಿಗೆ ನಾನು ಕಲಿಸಿದ ಮೊದಲ ಪಾಠ ಇದು. ಮುಖ ನೋಡಬೇಡಿ, ಹೂ ನೋಡಿ, ಗ್ಲಾಸು ನೋಡಿ, ಶಾಲು ನೋಡಿ. ತೀರ್ಪುಗಾರರ ಮೇಜಿನ ನೀರಿನ ಗ್ಲಾಸು ಒಂದು ವಾಕ್ಯದಲ್ಲಿ ಅರ್ಧ ಇದ್ದು, ಅದೇ ವಾಕ್ಯದ ಕೊನೆಗೆ ತುಂಬಿದ್ದರೆ, ನಡುವೆ ಕತ್ತರಿ ಬಿದ್ದಿದೆ. ಸಭಿಕರ ಚಪ್ಪಾಳೆಯೂ ಹಾಗೆಯೇ. ಚಿತ್ರೀಕರಣಕ್ಕೆ ಮುಂಚೆ ಒಬ್ಬ ಬಂದು ಸಭಿಕರನ್ನು ಕೂರಿಸಿ, ಈಗ ಚಪ್ಪಾಳೆ, ಈಗ ಎದ್ದು ನಿಲ್ಲಿ, ಈಗ ಕಣ್ಣೊರೆಸಿಕೊಳ್ಳಿ ಎಂದು ಮಾಡಿಸಿ ತೆಗೆದುಕೊಂಡದ್ದನ್ನು ನನ್ನ ತಂಗಿ ಕಣ್ಣಾರೆ ಕಂಡಿದ್ದಾಳೆ. ಬೇಕಾದ ಕಡೆ ಆ ತುಣುಕು ಅಂಟಿಸುತ್ತಾರೆ. ಎರಡೇ ವಾರದಲ್ಲಿ ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬ, ಹಳದಿ ಸೀರೆಯ ಒಬ್ಬ ಅಮ್ಮ ಇಬ್ಬರು ಬೇರೆ ಬೇರೆ ಮಕ್ಕಳ ಹಾಡಿಗೆ ಒಂದೇ ರೀತಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಹಿಡಿದ. ಇಡೀ ಪಡಸಾಲೆ ಗೊಳ್ಳೆಂದು ನಕ್ಕಿತು.

ಮಾತಿಗೂ ಕತ್ತರಿ ಇದೆ, ಅದನ್ನು ಹಿಡಿಯುವುದು ಸ್ವಲ್ಪ ಕಷ್ಟ. ಒಬ್ಬ ಮಾತಾಡುತ್ತಿರುತ್ತಾನೆ, ನಡುವೆ ಕ್ಯಾಮೆರಾ ಬೇರೆಯವರ ಮುಖಕ್ಕೆ ಹೋಗುತ್ತದೆ, ಮಾತು ಮಾತ್ರ ಮುಂದುವರಿಯುತ್ತದೆ. ತುಟಿ ಕಾಣದಾಗ ಕೇಳುವ ಮಾತು ಅದೇ ಹೊತ್ತಿನಲ್ಲಿ ಆಡಿದ್ದೇ ಎಂದು ನಂಬಲು ಆಧಾರವಿಲ್ಲ. ಬೆಳಿಗ್ಗೆಯ ಅರ್ಧ ವಾಕ್ಯಕ್ಕೆ ರಾತ್ರಿಯ ಅರ್ಧ ವಾಕ್ಯ ಹೊಲಿಯಬಹುದು. ಕಣ್ಣು ಮುಚ್ಚಿ ಕೇಳಿದರೆ ಹೊಲಿಗೆ ಕೆಲವೊಮ್ಮೆ ಸಿಕ್ಕುತ್ತದೆ. ದನಿಯ ಏರಿಳಿತ ತಟ್ಟನೆ ಬದಲಾಗುತ್ತದೆ, ಹಿಂದಿನ ಸದ್ದು ಒಮ್ಮೆ ನಿಂತು ಮತ್ತೆ ಬರುತ್ತದೆ. ಬಿಗ್ ಬಾಸ್‌ನಂಥ ಕಾರ್ಯಕ್ರಮದಲ್ಲಿ ಇದರ ಕೆಲಸ ಹೆಚ್ಚು. ಅದರ ಮೂಲ 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ ಬಿಗ್ ಬ್ರದರ್, ಕನ್ನಡಕ್ಕೆ ಅದು 2013ರಲ್ಲಿ ಬಂತು. ಹತ್ತು ಹನ್ನೆರಡು ಜನರ ಇಪ್ಪತ್ತನಾಲ್ಕು ತಾಸನ್ನು ಒಂದೂವರೆ ತಾಸಿಗೆ ಇಳಿಸಬೇಕು. ಅವರಿಗೆ ಬರೆದುಕೊಟ್ಟ ಮಾತು ಬೇಕಾಗಿಯೇ ಇಲ್ಲ. ಯಾವುದನ್ನು ಬಿಡಬೇಕು ಎಂದು ಕೂತು ತೀರ್ಮಾನಿಸುವವನೇ ಕಥೆ ಬರೆದಂತೆ. ಒಬ್ಬ ದಿನವೆಲ್ಲ ಪಾತ್ರೆ ತೊಳೆದು ಒಮ್ಮೆ ಸಿಡುಕಿದರೆ, ಸಿಡುಕು ಮಾತ್ರ ಉಳಿದು ಆತ ಸಿಡುಕನಾಗುತ್ತಾನೆ.

ಇನ್ನು ಹಾಡು. ನನಗೆ ಬೇಸರವಾದದ್ದು ಇಲ್ಲಿಯೇ. ವೇದಿಕೆಯ ಮೇಲೆ ಹಾಡಿದಾಗ ಎರಡನೆಯ ಚರಣದಲ್ಲಿ ಶ್ರುತಿ ಜಾರಿತ್ತು ಎಂದು ಕೂಸೇ ಹೇಳಿತು. ಟಿ.ವಿ.ಯಲ್ಲಿ ಕೂದಲೆಳೆಯಷ್ಟೂ ಜಾರಿಲ್ಲ. ದನಿ ಬೇರೆ, ತಬಲಾ ಬೇರೆ, ಕೀಬೋರ್ಡು ಬೇರೆ ಎಂದು ಒಂದೊಂದನ್ನೂ ಪ್ರತ್ಯೇಕ ಮುದ್ರಿಸಿಕೊಂಡು ಆಮೇಲೆ ಕೂಡಿಸುತ್ತಾರೆ. ಹಾಗೆ ಕೂಡಿಸುವಾಗ ಶ್ರುತಿ ತಿದ್ದುವ ತಂತ್ರಾಂಶ ಈಗ ಎಲ್ಲ ಸ್ಟುಡಿಯೋದಲ್ಲೂ ಸಿಗುವ ಸಾಮಾನು. ಹಾಡುಗಾರ ಮೈಕಿನಿಂದ ಮುಖ ತಿರುಗಿಸಿದರೂ ದನಿ ಕುಗ್ಗದೆ ಇದ್ದರೆ, ಉದ್ದ ಸಾಲಿನ ನಡುವೆ ಉಸಿರೆಳೆದ ಸದ್ದೇ ಕೇಳದಿದ್ದರೆ, ಕೈ ಬಿದ್ದಿದೆ ಎಂದು ಸಂಶಯಪಡಬಹುದು. ನೋಡುವವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ನಷ್ಟ ನಮ್ಮ ನಿಲಯದ ಹುಡುಗರಿಗೆ. ಸಂಜೆ ವಚನ ಹಾಡುವಾಗ ಮೊದಲು ಮುಂದೆ ಬರುತ್ತಿದ್ದ ಇಬ್ಬರು ಹಿಂದೆ ಕೂರತೊಡಗಿದ್ದರು. ಕೇಳಿದರೆ, "ನಮ್ಮ ದನಿ ಹಂಗ ಬರೂದಿಲ್ಲ ಸರ್" ಎಂದರು. ಹಾಗೆ ಯಾರ ದನಿಯೂ ಬರುವುದಿಲ್ಲ, ಅಲ್ಲಿ ಹಾಡಿದ ಮಗುವಿನದೂ ಬಂದಿರಲಿಲ್ಲ.

ತೀರ್ಪುಗಾರರ ಹೊಗಳಿಕೆಯನ್ನು ಎಷ್ಟು ನಂಬಬೇಕು? 2021ರಲ್ಲಿ ಹಿಂದಿಯ ಇಂಡಿಯನ್ ಐಡಲ್‌ನಲ್ಲಿ ಕಿಶೋರ್ ಕುಮಾರ್ ನೆನಪಿನ ಸಂಚಿಕೆಗೆ ಅವರ ಮಗ ಅಮಿತ್ ಕುಮಾರ್ ಅತಿಥಿಯಾಗಿ ಹೋಗಿದ್ದರು. ಎಲ್ಲರನ್ನೂ ಹೊಗಳಬೇಕೆಂದು ತಮಗೆ ಹೇಳಲಾಗಿತ್ತು, ಹಾಗೆಯೇ ಮಾಡಿದೆ ಎಂದು ಆಮೇಲೆ ಅವರೇ ಪತ್ರಿಕೆಗಳಿಗೆ ತಿಳಿಸಿದರು. ಇದರ ಎದುರಿಗೆ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಈಟಿವಿ ಕನ್ನಡದಲ್ಲಿ ನಡೆಸುತ್ತಿದ್ದ "ಎದೆ ತುಂಬಿ ಹಾಡುವೆನು" ನೆನಪಾಗುತ್ತದೆ. ಅವರು ಮಗುವನ್ನು ಹತ್ತಿರ ಕರೆದು, ಇಂಥ ಅಕ್ಷರವನ್ನು ಹೀಗೆ ಉಚ್ಚರಿಸಬೇಕು ಎಂದು ತಿದ್ದಿ ಹೇಳುತ್ತಿದ್ದರು. ಅದೂ ಚಿತ್ರೀಕರಿಸಿ ಕತ್ತರಿಸಿದ ಕಾರ್ಯಕ್ರಮವೇ. ಆದರೂ ನೋಡಿ ಎದ್ದವನಿಗೆ ಹಾಡಿನ ಬಗ್ಗೆ ಒಂದು ಮಾತು ಹೆಚ್ಚು ತಿಳಿದಿರುತ್ತಿತ್ತು. ನನ್ನ ಅಳತೆಗೋಲು ಅಷ್ಟೇ. ತೀರ್ಪುಗಾರ ಹಾಡಿನ ಬಗ್ಗೆ ಏನಾದರೂ ಹೇಳಿದನೇ, ಅಥವಾ ತನಗೆ ರೋಮಾಂಚನವಾಯಿತು ಎಂದಷ್ಟೇ ಹೇಳಿದನೇ? ಎರಡು ತಿಂಗಳಲ್ಲಿ ನಾವು ನೋಡಿದ ಕಾರ್ಯಕ್ರಮದಲ್ಲಿ ಒಬ್ಬ ತೀರ್ಪುಗಾರರು ಮಾತ್ರ ಅಂಥ ಮಾತು ಹೇಳುತ್ತಿದ್ದರು, ಅದನ್ನು ಬಹಳ ಸಲ ಅರ್ಧಕ್ಕೇ ಕತ್ತರಿಸಿರುತ್ತಿದ್ದರು.

ಹಾಗಾದರೆ ಗೆಲ್ಲುವವರು ಯಾರೆಂಬುದೂ ಮೊದಲೇ ಗೊತ್ತಿರುತ್ತದೆಯೇ ಎಂದು ಹುಡುಗರು ಕೇಳಿದರು. ಅದಕ್ಕೆ ಹೌದು ಎನ್ನಲು ನನ್ನಲ್ಲಿ ಸಾಕ್ಷಿ ಇಲ್ಲ, ಸಾಕ್ಷಿ ಇಲ್ಲದ ಮಾತು ಆಡಬಾರದು. ಹಿಂದೆ ಹಾಗೆ ನಡೆದದ್ದಕ್ಕೆ ಅಮೆರಿಕದಲ್ಲಿ ಸಾಕ್ಷಿ ಇದೆ. 1956ರಲ್ಲಿ "ಟ್ವೆಂಟಿ ಒನ್" ಎಂಬ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಹರ್ಬರ್ಟ್ ಸ್ಟೆಂಪೆಲ್ ಎಂಬಾತ ವಾರ ವಾರ ಗೆಲ್ಲುತ್ತಿದ್ದ. ಚಾರ್ಲ್ಸ್ ವ್ಯಾನ್ ಡೋರೆನ್ ಎಂಬ ಸುಂದರ ತರುಣ ಅಧ್ಯಾಪಕ ಗೆದ್ದರೆ ಜನ ಹೆಚ್ಚು ನೋಡುತ್ತಾರೆಂದು ನಿರ್ಮಾಪಕರಿಗೆ ಅನ್ನಿಸಿತು. ಸ್ಟೆಂಪೆಲ್‌ಗೆ ಸೋಲಬೇಕೆಂದು ಹೇಳಿದರು. ಯಾವ ಪ್ರಶ್ನೆಗೆ ಸೋಲಬೇಕು ಎಂಬುದನ್ನೂ ಹೇಳಿದರು. 1955ರ ಶ್ರೇಷ್ಠ ಚಿತ್ರಕ್ಕೆ ಆಸ್ಕರ್ ಪಡೆದದ್ದು "ಮಾರ್ಟಿ", ಅದು ಆತನ ಮೆಚ್ಚಿನ ಚಿತ್ರ. ಅದನ್ನೇ ತಪ್ಪು ಹೇಳಬೇಕಾಯಿತು. 1959ರಲ್ಲಿ ವ್ಯಾನ್ ಡೋರೆನ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ತನಗೆ ಉತ್ತರ ಮೊದಲೇ ಕೊಟ್ಟಿದ್ದರೆಂದು ಒಪ್ಪಿಕೊಂಡ. 1960ರಲ್ಲಿ ಅಂಥ ಮೋಸವನ್ನು ಅಪರಾಧವೆಂದು ಕಾನೂನು ಮಾಡಿದರು. ಆದರೆ ಆ ಕಾನೂನು ಸ್ಪರ್ಧೆಯ ಫಲವನ್ನು ಕದ್ದು ನಿಶ್ಚಯಿಸುವುದನ್ನು ತಡೆಯುತ್ತದೆ. ಅಜ್ಜಿಯ ಎರಡನೆಯ ಮಾತನ್ನು ಮೊದಲನೆಯ ಅಳುವಿಗೆ ಹೊಲಿಯುವುದನ್ನು ಅದು ಮುಟ್ಟುವುದಿಲ್ಲ.

ನಮ್ಮಲ್ಲಿ ಪ್ರಕರಣ ಎದ್ದದ್ದು ಎಸ್ಸೆಮ್ಮೆಸ್ ಹಣದ ವಿಷಯಕ್ಕೆ. 2007ರಲ್ಲಿ ಕೌನ್ ಬನೇಗಾ ಕರೋಡ್‌ಪತಿ ನೋಡುವವರಿಗೆಂದು ಒಂದು ಪ್ರಶ್ನೆಯ ಸ್ಪರ್ಧೆ ಇತ್ತು. ಒಂದು ಎಸ್ಸೆಮ್ಮೆಸ್‌ಗೆ 2 ರೂಪಾಯಿ 40 ಪೈಸೆ. ಬಹುಮಾನದ ದುಡ್ಡು ಆ ಎಸ್ಸೆಮ್ಮೆಸ್‌ಗಳಿಂದಲೇ ಬರುತ್ತಿದೆ, ಜನರಿಗೆ ಅದನ್ನು ಹೇಳಿಲ್ಲ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ವಾಹಿನಿ ಮತ್ತು ಫೋನ್ ಕಂಪನಿಗೆ ಒಂದು ಕೋಟಿ ರೂಪಾಯಿ ದಂಡ ಹಾಕಿತು. ಆಮೇಲೆ ಸುಪ್ರೀಂ ಕೋರ್ಟು, ಆರೋಪಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಆ ಆದೇಶವನ್ನು ರದ್ದು ಮಾಡಿತು. ಎರಡನ್ನೂ ಹೇಳಬೇಕು, ಒಂದನ್ನೇ ಹೇಳಿದರೆ ನಾನೂ ಕತ್ತರಿ ಹಿಡಿದಂತಾಗುತ್ತದೆ. ಮತದಾನದ ಬಗ್ಗೆ ನಾನು ಹುಡುಗರಿಗೆ ಹೇಳಿದ್ದು ಇಷ್ಟು: ಯಾರಿಗೆ ಎಷ್ಟು ಮತ ಬಂತೆಂದು ಪೂರ್ತಿ ಲೆಕ್ಕವನ್ನು ಅವರು ಓದಿದರೆ ಅದನ್ನು ಚುನಾವಣೆ ಎನ್ನಿ, ಹೆಸರು ಮಾತ್ರ ಓದಿದರೆ ಘೋಷಣೆ ಎನ್ನಿ.

ನಮ್ಮ ಮಠಗಳ ಶಾಲೆಗಳಲ್ಲಿ ದನಿ ಇರುವ ಮಕ್ಕಳು ಬಹಳ. ಯಾರಾದರೂ ಕರೆದೊಯ್ಯಲು ಬಂದೇ ಬರುತ್ತಾರೆ. ತಂದೆತಾಯಿಗಳು ಒಂದು ಕಾನೂನು ತಿಳಿದಿರಲಿ. ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳ ಪ್ರಕಾರ ಮಗುವನ್ನು ಚಿತ್ರೀಕರಣಕ್ಕೆ ಬಳಸಿಕೊಳ್ಳುವ ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಮಗುವನ್ನು ದಿನಕ್ಕೆ 5 ತಾಸಿಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿ ಕೊಡದೆ ಸತತ 3 ತಾಸಿಗಿಂತ ಹೆಚ್ಚು ನಿಲ್ಲಿಸಬಾರದು. ಸತತ 27 ದಿನಕ್ಕಿಂತ ಹೆಚ್ಚು ಕೆಲಸ ಕೂಡದು. ಸಂಭಾವನೆ ಇದ್ದರೆ ಅದರ ಕನಿಷ್ಠ ಶೇಕಡಾ 20ರಷ್ಟನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ನಮ್ಮ ಕೂಸು ಒಂದೇ ದಿನ ಎರಡು ಸಂಚಿಕೆಗೆಂದು ಬೆಳಿಗ್ಗೆ ಹತ್ತಕ್ಕೆ ಬಣ್ಣ ಹಚ್ಚಿಕೊಂಡು, ರಾತ್ರಿ ಹನ್ನೊಂದೂವರೆಗೆ ತೊಳೆದುಕೊಂಡಿತ್ತು. ನಡುವೆ ಬಹಳ ಹೊತ್ತು ಸುಮ್ಮನೆ ಕೂತಿತ್ತು, ನಿಜ. ಆದರೆ ಅನುಮತಿ ಪತ್ರ ತೋರಿಸಿರಿ ಎಂದು ಅಳಿಯ ಕೇಳಲಿಲ್ಲ, ಹಾಗೊಂದು ಪತ್ರ ಇರುತ್ತದೆಂದೇ ಆತನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಸಹಿ ಮಾಡಿದ ಒಪ್ಪಂದದ ಪ್ರತಿಯನ್ನೂ ಆತ ಕೇಳಿ ಇಟ್ಟುಕೊಂಡಿರಲಿಲ್ಲ. ಹೋಗಲೇಬೇಕೆಂದರೆ ಈ ಎರಡು ಕಾಗದ ಕೈಗೆ ಬಂದ ಮೇಲೆ ಬಸ್ಸು ಹತ್ತಿರಿ. ಮನೆಯ ಕಷ್ಟ ಕೇಳುವ ಪುಟಕ್ಕೆ "ಹೇಳಲು ಇಷ್ಟವಿಲ್ಲ" ಎಂದು ಬರೆಯಿರಿ. ಅದನ್ನು ಬರೆದದ್ದಕ್ಕೇ ಮಗುವನ್ನು ಕೈಬಿಟ್ಟರೆ, ಅವರು ಹುಡುಕುತ್ತಿದ್ದದ್ದು ಏನೆಂದು ನಿಮಗೆ ತಿಳಿದಂತಾಯಿತು.

ಕೂಸು ಏಳನೆಯ ಸಂಚಿಕೆಗೆ ಮನೆಗೆ ಬಂತು. ಒಂದೆರಡು ತಿಂಗಳು ಮಂಕಾಗಿತ್ತು. ಶಾಲೆಯಲ್ಲಿ ಯಾರೋ, ನಿಮ್ಮಪ್ಪ ಅಷ್ಟು ಬಡವನಾ ಎಂದು ಕೇಳಿದ್ದರಂತೆ. ಈಗ ಹುಬ್ಬಳ್ಳಿಯಲ್ಲಿ ಗುರುಗಳೊಬ್ಬರ ಹತ್ತಿರ ಕಲಿಯುತ್ತದೆ, ವಾರಕ್ಕೆ ಎರಡು ದಿನ. ಅಲ್ಲಿ ಕಲಿತದ್ದೇನೂ ವ್ಯರ್ಥವಲ್ಲ, ಸಾವಿರ ಜನರ ಮುಂದೆ ನಿಲ್ಲುವ ಧೈರ್ಯ ಬಂತು ಎಂದು ತಂಗಿ ಹೇಳುತ್ತಾಳೆ. ಅದನ್ನು ನಾನು ಅಲ್ಲಗಳೆಯಲಾರೆ.

ಪೂಜ್ಯರಿಗೆ ನಾನು ಕೊಟ್ಟ ತೀರ್ಮಾನ ಸಣ್ಣದು. ಟಿ.ವಿ. ಇರಲಿ. ಶನಿವಾರ ಏಳೂವರೆಗೆ ಪ್ರಾರ್ಥನೆ ಇರಲಿ. ಹಾಡುಗಳನ್ನಷ್ಟೇ ವಾಹಿನಿಯವರು ಮರುದಿನ ಬಿಡಿಬಿಡಿಯಾಗಿ ಇಂಟರ್ನೆಟ್ಟಿಗೆ ಹಾಕುತ್ತಾರೆ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನ್ನು ಇಪ್ಪತ್ತು ನಿಮಿಷ ಹಾಕೋಣ. ಬಿಗ್ ಬಾಸ್ ಬೇಡ. ವಾರ್ಡನ್ನರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಹುಡುಗರಿಗೂ ಆಗಲಿಲ್ಲ. ಹಿರಿಯ ಹುಡುಗರು ತಿಂಗಳಿಗೊಮ್ಮೆಯಾದರೂ ಪೂರ್ತಿ ಸಂಚಿಕೆ ಬೇಕೆಂದು ಹಟ ಹಿಡಿದರು. ಯಾಕೆ ಎಂದರೆ, "ಹಳದಿ ಸೀರಿ ಅವ್ವನ್ನ ಹುಡುಕೂದೈತಿ ಸರ್" ಎಂದರು. ಅದಕ್ಕೆ ಪೂಜ್ಯರು ನಕ್ಕು ಒಪ್ಪಿದ್ದಾರೆ.